ಬಾಯಿಮಾತಿನ ಅನುಮತಿ

ನಮ್ಮ ಸಹಕಾರ ಸಂಘದಲ್ಲಿ ಕಂಪ್ಯೂಟರ್ ವಿಭಾಗ ಎಂದರೆ ನಾನೊಬ್ಬನೇ. ಅದಕ್ಕಾಗಿ ನಾನು ಏನೂ ಓದಿದವನಲ್ಲ. ಬೆಳ್ತಂಗಡಿ ಶಾಖೆಯಲ್ಲಿ ಗುಮಾಸ್ತನಾಗಿದ್ದಾಗ ಕೆಟ್ಟ ಪ್ರಿಂಟರನ್ನು ಎರಡು ಸಲ ಸರಿ ಮಾಡಿದ್ದೆ. ಆ ಸುದ್ದಿ ಬಂಟ್ವಾಳದ ಪ್ರಧಾನ ಕಚೇರಿಗೆ ಮುಟ್ಟಿತು, ನನ್ನನ್ನು ಅಲ್ಲಿಗೆ ಕರೆಸಿ ಎಲ್ಲ ವಯರುಗಳನ್ನೂ ನನ್ನ ಕೊರಳಿಗೆ ಕಟ್ಟಿದರು. ನಾನೂ ಬೇಡವೆನ್ನಲಿಲ್ಲ. ಕೌಂಟರಿನ ಹೊರಗಿನಿಂದ ಜನ ನನ್ನನ್ನು ಸರ್ ಎಂದು ಕರೆಯತೊಡಗಿದ್ದು ಆಮೇಲೆಯೇ.

ನನಗೆ ನಿಜವಾಗಿ ಗೊತ್ತಿದ್ದ ವಿದ್ಯೆ ಬೇರೆ. ಸದಸ್ಯರ ಮನೆಗಳು ನನಗೆ ಬಾಯಿಪಾಠ. ನಮ್ಮಲ್ಲಿ ಯಾರಾದರೂ ಹೊಸಬರು ಕೌಂಟರಿಗೆ ಬಂದರೆ ಮೊದಲು ಕೇಳುವುದು ಹೆಸರನ್ನಲ್ಲ. ತುಳುವಿನಲ್ಲಿ "ಇಲ್ಲ್ ಓಲು?" ಎಂದು ಕೇಳುತ್ತೇವೆ, ಮನೆ ಎಲ್ಲಿ ಎಂದು. ಮನೆ ಹೇಳಿದರೆ ತಂದೆ ಯಾರು, ತಾಯಿ ಎಲ್ಲಿಂದ ಬಂದವರು, ಅಣ್ಣ ಯಾವ ದೇಶದಲ್ಲಿದ್ದಾನೆ ಎಂಬುದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ. ಆಧಾರ್ ಕಾರ್ಡಿನ ಫೋಟೊಗಿಂತ ಇದು ಗಟ್ಟಿ ಎಂದು ನಾನು ನಂಬಿದ್ದೆ. ನಂಬಿದ್ದು ಮಾತ್ರವಲ್ಲ, ಹೊಸ ಹುಡುಗರಿಗೆ ಉಪದೇಶವನ್ನೂ ಮಾಡುತ್ತಿದ್ದೆ. ಈಗ ಅದನ್ನು ನೆನೆದರೆ ಕಿವಿ ಬಿಸಿಯಾಗುತ್ತದೆ.

ಸಂಘದವರು ಮೊಬೈಲ್ ಆ್ಯಪ್ ತಂದ ಮರುವರ್ಷ ಲೆಕ್ಕಪರಿಶೋಧಕರು ಒಂದು ಮಾತು ಬರೆದರು: ಇದನ್ನು ಹೊರಗಿನವರಿಂದ ಪರೀಕ್ಷೆ ಮಾಡಿಸಿ. ಕಳ್ಳ ಹೊಕ್ಕುವ ರೀತಿಯಲ್ಲೇ ಹೊಕ್ಕಲು ಪ್ರಯತ್ನಿಸಿ, ಎಲ್ಲಿ ಬಾಗಿಲು ಸಡಿಲವಿದೆ ಎಂದು ಹೇಳುವ ಪರೀಕ್ಷೆ ಅದು. ಅದನ್ನು ಮಾಡುವ ಸಣ್ಣ ಸಂಸ್ಥೆಯೊಂದು ಮೂಡುಬಿದಿರೆಯಲ್ಲಿ ಸಿಕ್ಕಿತು. ಅದರ ಮಾಲೀಕ ಮೊದಲು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವನು. ಜೊತೆಗೆ ಅವನ ಬಳಿ ಕೆಲಸ ಮಾಡುವ ಒಬ್ಬಳು ಹುಡುಗಿ ಬಂದಿದ್ದಳು. ಮಾತು ಕಡಿಮೆ, ಬರೆದುಕೊಳ್ಳುವುದು ಹೆಚ್ಚು.

ಅವರು ಬಂದ ದಿನ ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಬರೀ ಕಾಗದ. ನಮ್ಮ ಅಧ್ಯಕ್ಷರಿಗೆ ಅದು ಸರಿಬರಲಿಲ್ಲ.

"ಎಂತ ಮಾರಾಯ್ರೆ, ನಮ್ಮೂರಿನವರೇ ಅಲ್ವಾ ನೀವು? ನಮ್ಮೊಳಗೆ ಇಷ್ಟೆಲ್ಲ ಸಹಿ ಎಂತಕ್ಕೆ? ಮಾಡಿ ಅಂತ ಹೇಳಿದ್ದೇನೆ, ಮಾಡಿ."

ಮಾಲೀಕ ನಕ್ಕ. "ಹಾಗೆ ಆಗ್ಲಿಕ್ಕಿಲ್ಲ. ನಾವು ಮಾಡುವ ಕೆಲಸಕ್ಕೂ ಕಳ್ಳ ಮಾಡುವ ಕೆಲಸಕ್ಕೂ ಹೊರಗಿನಿಂದ ನೋಡಿದ್ರೆ ವ್ಯತ್ಯಾಸ ಇಲ್ಲ. ಈ ಕಾಗದ ಒಂದೇ ವ್ಯತ್ಯಾಸ. ಅನುಮತಿ ಇಲ್ಲದೆ ಇನ್ನೊಬ್ಬರ ಕಂಪ್ಯೂಟರಿಗೆ ಹೊಕ್ಕರೆ ಕಾನೂನಿನಲ್ಲಿ ಅದು ತಪ್ಪೇ. ಏನೂ ತೆಗೀದಿದ್ರೂ ತಪ್ಪು."

ಎಲ್ಲಿ ಪರೀಕ್ಷೆ ಮಾಡಬಹುದು ಎಂಬುದು ಆ ಕಾಗದದಲ್ಲಿ ಮೊದಲು ಬಂತು: ನಮ್ಮ ಜಾಲತಾಣ ಮತ್ತು ಆ್ಯಪ್, ಇಷ್ಟೇ. ಅದು ಓಡುವ ಯಂತ್ರ ನಮ್ಮದಲ್ಲ, ಸಾಫ್ಟ್‌ವೇರ್ ಕೊಟ್ಟ ಕಂಪೆನಿಯದು. ಆದ್ದರಿಂದ ಅವರ ಒಪ್ಪಿಗೆಯೂ ಬರಹದಲ್ಲಿ ಬೇಕೆಂದು ಹುಡುಗಿ ಪಟ್ಟು ಹಿಡಿದಳು, ಅದು ಬರುವವರೆಗೆ ಕಾದಳು. ಆಮೇಲೆ ಹೇಗೆ ಮಾಡಬೇಕು ಎಂಬ ನಿಯಮಗಳು. ಕೌಂಟರ್ ಮುಚ್ಚಿದ ಮೇಲೆ ಮಾತ್ರ. ಆ್ಯಪ್ ನಿಂತುಹೋಗುವಂಥದ್ದೇನೂ ಮಾಡಬಾರದು. ನಿಜವಾದ ಸದಸ್ಯರ ಖಾತೆಯನ್ನು ಮುಟ್ಟಬಾರದು, ಅದಕ್ಕಾಗಿ ನಾವೇ ಸುಳ್ಳು ಖಾತೆಗಳನ್ನು ತೆರೆದು ಕೊಡಬೇಕು. ಅಕಸ್ಮಾತ್ ಯಾರದಾದರೂ ವಿವರ ಕಣ್ಣಿಗೆ ಬಿದ್ದರೆ ಅಲ್ಲಿಗೇ ನಿಲ್ಲಿಸಿ ತಿಳಿಸಬೇಕು. ಇದರಲ್ಲಿ ಏನೇ ಬದಲಾವಣೆ ಬೇಕಿದ್ದರೂ ಎರಡೂ ಕಡೆಯವರ ಸಹಿಯೊಂದಿಗೆ ಬರಹದಲ್ಲೇ ಆಗಬೇಕು. ಸಂಶಯ ಬಂದರೆ ಕೇಳಲು ಸಂಘದ ಕಡೆಯಿಂದ ಒಬ್ಬ ವ್ಯಕ್ತಿ ಇರಬೇಕು. ಆ ಜಾಗದಲ್ಲಿ ನನ್ನ ಹೆಸರು ಬರೆದರು.

ಕರಡಿನಲ್ಲಿ ಇನ್ನೂ ಒಂದು ಸಾಲಿತ್ತು: ಸಿಬ್ಬಂದಿಗೆ ಸುಳ್ಳು ಹೇಳಿ ಫೋನ್ ಮಾಡಿ, ಅವರು ಮೋಸ ಹೋಗುತ್ತಾರೋ ಎಂದು ನೋಡುವುದು. ಅದನ್ನು ಹೊಡೆದು ಹಾಕಿಸಿದವನು ನಾನು. "ಪಾಪ, ಶಾಖೆಯಲ್ಲಿ ಇರುವವರೆಲ್ಲ ಸಾಧು ಜನ, ಮರ್ಯಾದೆ ಹೋದ ಹಾಗೆ ಆಗ್ತದೆ" ಎಂದೆ. ನನ್ನದು ದೊಡ್ಡ ಮನಸ್ಸು ಎಂದು ಮಾಲೀಕ ತಲೆದೂಗಿದ. ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ಯಾರಾದರೂ ಮೋಸ ಹೋದರೆ ತರಬೇತಿ ಕೊಡುವ ಕೆಲಸ ನನ್ನ ತಲೆಗೆ ಬರುತ್ತದೆ ಎಂಬ ಸೋಮಾರಿತನ ಅಷ್ಟೆ. ಕೊನೆಗೆ "ಸಿಬ್ಬಂದಿಗೆ ಕರೆ ಮಾಡುವಂತಿಲ್ಲ" ಎಂದೇ ಬರೆಸಿದೆವು, ಅಧ್ಯಕ್ಷರು ಸಹಿ ಹಾಕಿದರು.

ಸಹಿಯ ಶಾಯಿ ಒಣಗಿತ್ತೋ ಇಲ್ಲವೋ, ವಾರದೊಳಗೆ ಅಧ್ಯಕ್ಷರು ಯಾವುದೋ ಮದುವೆಯ ಊಟದಲ್ಲಿ ಆ ಮಾಲೀಕನನ್ನು ಕಂಡಿದ್ದಾರೆ. "ನಮ್ಮವರು ನಿದ್ದೆ ಮಾಡ್ತಿದ್ದಾರೋ ಅಂತ ಒಂದು ಫೋನ್ ಮಾಡಿ ನೋಡಿ ಮಾರಾಯ್ರೆ, ನಾನು ಹೇಳಿದ್ದೇನೆ ಅಂತ ಇಟ್ಟುಕೊಳ್ಳಿ" ಎಂದಿದ್ದಾರೆ. ಕಾಗದದ ಮಹಿಮೆಯನ್ನು ನಮಗೆ ಬೋಧಿಸಿದ ಅದೇ ಮಾಲೀಕ ಅಧ್ಯಕ್ಷರ ಮಾತಿಗೆ ಇಲ್ಲವೆನ್ನಲಾರದೆ ತಲೆಯಾಡಿಸಿದ. ಊರಿನ ದೊಡ್ಡವರ ಎದುರು ಬಾಳೆಲೆಯ ಮುಂದೆ ಕೂತು, ಬರೆದು ಕೊಡಿ ಎಂದು ಕೇಳುವುದು ನಮ್ಮ ಕಡೆ ಯಾರಿಂದಲೂ ಆಗುವುದಿಲ್ಲ. ಕೇಳಿದರೆ ಅವರನ್ನು ನಂಬದ ಹಾಗಾಗುತ್ತದೆ.

ಹುಡುಗಿಗೆ ಮಾತ್ರ ಸಮಾಧಾನವಾಗಲಿಲ್ಲ. ನಿಯಮದಲ್ಲಿ ಹೇಳಿದ ಹಾಗೆ, ಸಂಶಯ ಬಂದಾಗ ಕೇಳಬೇಕಾದವನಿಗೇ ಅವಳು ಫೋನ್ ಮಾಡಿದಳು. ಕನ್ನಡದಲ್ಲಿ, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ನಿಧಾನವಾಗಿ ಮಾತಾಡಿದಳು.

"ಸರ್, ಸಿಬ್ಬಂದಿಗೆ ಕಾಲ್ ಮಾಡ್ಲಿಕ್ಕೆ ಅಧ್ಯಕ್ಷರು ಹೇಳಿದ್ದಾರಂತೆ. ಕಾಗದದಲ್ಲಿ ಬೇಡ ಅಂತ ಉಂಟಲ್ಲ. ತಿದ್ದುಪಡಿ ಮಾಡಿ ಕಳಿಸ್ತೀರಾ?"

ನಾನು ಆಗ ಎದುರಿಗೆ ನಿಂತಿದ್ದ ಒಬ್ಬರಿಗೆ ಪಾಸ್‌ಬುಕ್ ಮುದ್ರಿಸುತ್ತಿದ್ದೆ. "ಅಧ್ಯಕ್ಷರೇ ಹೇಳಿದ ಮೇಲೆ ನಾನೆಂತ ಬೇಡ ಹೇಳುವುದು? ಮಾಡಿ ಆಯ್ತಾ. ಕಾಗದ ಆಮೇಲೆ ಮಾಡುವ" ಎಂದೆ.

ಅಷ್ಟು ಹೇಳಿ ಫೋನ್ ಇಟ್ಟವನ ಮನಸ್ಸಿನಲ್ಲಿ ಏನಿತ್ತೆಂಬುದನ್ನೂ ಬರೆದುಬಿಡುತ್ತೇನೆ. ಬೆಳ್ತಂಗಡಿ ಶಾಖೆಯ ಈಗಿನ ಮ್ಯಾನೇಜರಿಗೂ ನನಗೂ ಹಿಂದಿನಿಂದಲೂ ಅಷ್ಟಕ್ಕಷ್ಟೆ. ಆ ಮನುಷ್ಯ ಫೋನಿನಲ್ಲಿ ಬೇಸ್ತು ಬೀಳುವುದನ್ನು ಕಲ್ಪಿಸಿಕೊಂಡು ನನಗೆ ಒಳಗೊಳಗೇ ಖುಷಿಯಾಗಿತ್ತು. ಕರೆ ನನಗೇ ಬರಬಹುದು ಎಂಬ ಯೋಚನೆ ತಲೆಯ ಹತ್ತಿರವೂ ಸುಳಿಯಲಿಲ್ಲ. ನಾನು ಕಂಪ್ಯೂಟರ್ ವಿಭಾಗ ಅಲ್ಲವೇ!

ಕರೆ ಬಂತು. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಹೊತ್ತಿಗೆ, ಕಚೇರಿಯ ನಂಬರಿಗೆ. ಹೆಣ್ಣು ದನಿ, ತುಳು. ಅತ್ತು ಬತ್ತಿದ ಗಂಟಲು. ನಾರಾವಿಯ ಒಂದು ಮನೆಯ ಹೆಸರು ಹೇಳಿದಳು. ಅಲ್ಲಿಯ ಹಿರಿಯ ಹೆಂಗಸು ತೀರಿಹೋದದ್ದನ್ನು ನಾನು ವಾಟ್ಸ್ಯಾಪಿನಲ್ಲಿ ನೋಡಿದ್ದೆ. ಉತ್ತರಕ್ರಿಯೆಯ ಕಾರ್ಡು ಎಲ್ಲ ಗುಂಪುಗಳಲ್ಲೂ ಓಡಾಡುತ್ತಿತ್ತು. ತಾನು ಆ ಹೆಂಗಸಿನ ಮಗಳು ಎಂದಳು. ಅಣ್ಣ ಗಲ್ಫಿನಲ್ಲಿದ್ದಾನೆ, ರಜೆ ತಡವಾಗಿ ಸಿಕ್ಕಿದ್ದರಿಂದ ಮಣ್ಣಿಗೆ ಬರಲಾಗಲಿಲ್ಲ, ಬೊಜ್ಜಕ್ಕೆ, ಅಂದರೆ ಉತ್ತರಕ್ರಿಯೆಗೆ, ಬರುತ್ತಾನೆ. ಅವನ ಇಲ್ಲಿಯ ನಂಬರಿಗೆ ಅಲ್ಲಿ ಓಟಿಪಿ ಸಿಗುತ್ತಿಲ್ಲ. ಬೊಜ್ಜದ ಅಡಿಗೆಯವರಿಗೆ ಹಣ ಅವನೇ ಕಳಿಸಬೇಕು. ಅವನು ಬರುವವರೆಗೆ ಅವನ ಖಾತೆಗೆ ತನ್ನ ನಂಬರು ಹಾಕಿಕೊಡಬಹುದೇ ಎಂದು ಕೇಳಿದಳು.

ನಾನು ಪರೀಕ್ಷಿಸದೆ ಬಿಡಲಿಲ್ಲ. ನನ್ನ ವಿದ್ಯೆಯನ್ನೆಲ್ಲ ಉಪಯೋಗಿಸಿದೆ. ಅತ್ತಿಗೆ ಯಾವ ಮನೆಯವರು, ಭಾವ ಎಲ್ಲಿ ಕೆಲಸದಲ್ಲಿದ್ದಾರೆ, ಅಜ್ಜನ ಹೆಸರೇನು. ಎಲ್ಲದಕ್ಕೂ ತಡವರಿಸದೆ ಉತ್ತರ ಬಂತು. ಬಾರದೆ ಏನು? ಸತ್ತವರ ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಹಿರಿಯರು, ಯಾರು ಎಲ್ಲಿ ಕೆಲಸದಲ್ಲಿದ್ದಾರೆ, ಊರು, ಮನೆ, ಎಲ್ಲವೂ ಆ ಕಾರ್ಡಿನಲ್ಲಿ ಅಚ್ಚಾಗಿತ್ತು. ನಾನು ಕೇಳಿದ್ದರಲ್ಲಿ ಕಾರ್ಡಿನ ಹೊರಗಿನದು ಒಂದೂ ಇರಲಿಲ್ಲ.

ನಂಬರು ಬದಲಿಸಲು ಸದಸ್ಯನ ಅರ್ಜಿ ಬೇಕು, ಸಹಿ ತಾಳೆ ನೋಡಬೇಕು, ಮೇಲಿನಿಂದ ಇನ್ನೊಬ್ಬ ಸಿಬ್ಬಂದಿ ಒಪ್ಪಿಗೆ ಒತ್ತಬೇಕು. ಪಕ್ಕದ ಮೇಜಿನವರು ಅನ್ನ ಕಲಸುತ್ತಾ "ನನ್ನ ಪಾಸ್‌ವರ್ಡ್ ನಿಮಗೆ ಗೊತ್ತುಂಟಲ್ಲ, ಒತ್ತಿಬಿಡಿ" ಎಂದರು. ಒತ್ತಿಬಿಟ್ಟೆ.

ಫೋನನ್ನು ಆಗಲೇ ಇಟ್ಟಿದ್ದರೂ ಆಗುತ್ತಿತ್ತು. ನಾನು ಇಡಲಿಲ್ಲ. ತಾಯಿಯನ್ನು ಕಳಕೊಂಡವಳು, ನಾಲ್ಕು ಮಾತು ಹೇಳಬೇಕು ಎನಿಸಿತು. ಬೆಳ್ತಂಗಡಿಯಲ್ಲಿದ್ದಾಗ ಆ ಹೆಂಗಸು ಠೇವಣಿ ನವೀಕರಿಸಲು ನನ್ನ ಹತ್ತಿರವೇ ಬರುತ್ತಿದ್ದರು. ಕೈ ನಡುಗುತ್ತದೆ, ಹೆಬ್ಬೆಟ್ಟು ಒತ್ತಿ ಎಂದರೆ ಅವರಿಗೆ ಸಿಟ್ಟು ಬರುತ್ತಿತ್ತು. "ನಾನು ಶಾಲೆಗೆ ಹೋದವಳು ಮಗಾ" ಎಂದು ಬೆಂಚಿನಲ್ಲಿ ಕೂತು, ನಾರಾವಿಯ ಬಸ್ಸು ತಪ್ಪಿದರೂ ಸರಿ ಎಂದು ಒಂದೊಂದೇ ಅಕ್ಷರ ಬರೆಯುತ್ತಿದ್ದರು. ಬರೆದು ಮುಗಿಸಿ ನನಗೆ ತೋರಿಸಿ ನಗುತ್ತಿದ್ದರು. ಇದನ್ನೆಲ್ಲ ನಾನು ಫೋನಿನಲ್ಲಿ ಹೇಳಿದೆ. ಹೇಳುತ್ತಾ ನನ್ನ ಕಣ್ಣೂ ತುಂಬಿತು. "ಅಂಥ ಅಮ್ಮ ಎಲ್ಲರಿಗೂ ಸಿಗುವುದಿಲ್ಲ ಮಗಾ, ಧೈರ್ಯ ತಂದುಕೋ" ಎಂದೆ. ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಅಳುತ್ತಿದ್ದಾಳೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಗಲ್ಫಿನಿಂದ ಆ ಮನೆಯ ಮಗ ಫೋನ್ ಮಾಡಿದ. ಅವನ ಹಳೆಯ ನಂಬರಿಗೆ, ನಿಮ್ಮ ಖಾತೆಯ ಮೊಬೈಲ್ ಸಂಖ್ಯೆ ಬದಲಾಗಿದೆ ಎಂಬ ಸಂದೇಶ ಹೋಗಿತ್ತು. ಓಟಿಪಿ ಸಿಗುತ್ತಿಲ್ಲ ಎಂಬುದೇ ಸುಳ್ಳು. ಅವನು ವಿಮಾನ ಹತ್ತಲು ಹೊರಟಿದ್ದ. ನಿಮ್ಮ ತಂಗಿಯೇ ಫೋನ್ ಮಾಡಿ ಹಾಕಿಸಿದ್ದಲ್ಲವೇ ಎಂದೆ.

"ನನ್ನ ತಂಗಿ ಊರಲ್ಲೇ ಇಲ್ಲ ಸರ್. ಅವಳು ನನ್ನ ಜೊತೆಗೇ ಇದ್ದಾಳೆ, ಈಗ ನನ್ನ ಪಕ್ಕದಲ್ಲೇ ನಿಂತಿದ್ದಾಳೆ. ನೀವು ಯಾರತ್ರ ಮಾತಾಡಿದ್ದು?"

ಖಾತೆಯನ್ನು ತಡೆಹಿಡಿದೆ. ಹಣ ಹೋಗಿರಲಿಲ್ಲ. ಯಾರೋ ಹೊಸ ನಂಬರಿನಿಂದ ಆ್ಯಪಿಗೆ ಹೊಕ್ಕು, ಒಂದು ನಿಮಿಷ ನಿಂತು, ಹೊರಗೆ ಹೋಗಿದ್ದರು. ಪೊಲೀಸರಿಗೆ ಹೇಳಬೇಕೆಂದು ನಾನು ಎದ್ದು ನಿಂತಾಗಲೇ ಮೂಡುಬಿದಿರೆಯ ಸಂಸ್ಥೆಯ ಮೇಲ್ ಬಂತು. ಗಂಭೀರ ಲೋಪವೊಂದು ಕಂಡುಬಂದಿದೆ ಎಂದು ಮೊದಲ ಸಾಲು. ಮೋಸ ಹೋದ ಸಿಬ್ಬಂದಿ ಯಾರೆಂದು ಎರಡನೆಯ ಸಾಲು. ಕೆಳಗೆ ಸಾಕ್ಷಿಗೆಂದು ಆ ಖಾತೆಯ ಪರದೆಯ ಚಿತ್ರ. ಕನ್ನಡದಲ್ಲಿ ಮಾತಾಡಿದಾಗ ಗುಬ್ಬಿಯಂತಿದ್ದ ಆ ಹುಡುಗಿಯೇ ತುಳುವಿನಲ್ಲಿ ನನ್ನನ್ನು ಅಳಿಸಿದ್ದು ಎಂದು ಆಗ ಗೊತ್ತಾಯಿತು. ನನಗೆ ಮೊದಲು ಬಂದದ್ದು ಸಿಟ್ಟಲ್ಲ. ಕಚೇರಿಯಲ್ಲಿ ಯಾರ ಮುಖವನ್ನೂ ನೋಡದೆ ಎದ್ದು ಹೋಗಿ ಶೌಚಾಲಯದ ಚಿಲಕ ಹಾಕಿಕೊಂಡೆ.

ಆಡಳಿತ ಮಂಡಳಿಯ ಸಭೆ ಕರೆದರು. ಊರಿಗೆ ಬಂದಿಳಿದಿದ್ದ ಆ ಮಗನನ್ನೂ ಕರೆದಿದ್ದರು. ತಲೆ ಬೋಳಿಸಿದ್ದ, ಗಡ್ಡವಿರಲಿಲ್ಲ, ನಿದ್ದೆಯಿಲ್ಲದ ಕಣ್ಣು. ಮಾಲೀಕ ಒಂದು ಕುರ್ಚಿಯಲ್ಲಿ, ಹುಡುಗಿ ಬಾಗಿಲ ಹತ್ತಿರದ ಇನ್ನೊಂದರಲ್ಲಿ. ಮೊದಲಿಗೆ ಮಾತು ನನ್ನ ಮೇಲೆಯೇ ಬಂತು. ಇವರನ್ನು ಕೆಲಸದಲ್ಲಿ ಇಟ್ಟುಕೊಳ್ಳುವುದೋ ಬೇಡವೋ ಎಂಬಲ್ಲಿಗೆ ಮುಟ್ಟಿತು. ಆಗ ನಿರ್ದೇಶಕರಲ್ಲಿ ಒಬ್ಬರು, ವಕೀಲರು, ಆ ಅನುಮತಿಯ ಕಾಗದವನ್ನು ತೆಗೆದು ಓದಿದರು.

"ಸಿಬ್ಬಂದಿಗೆ ಕರೆ ಮಾಡುವಂತಿಲ್ಲ ಅಂತ ಉಂಟು. ಸದಸ್ಯರ ಖಾತೆ ಮುಟ್ಟುವಂತಿಲ್ಲ ಅಂತ ಉಂಟು. ಇದು ಪರೀಕ್ಷೆಯೇ ಅಲ್ಲ. ಇನ್ನೊಬ್ಬರ ಹೆಸರಲ್ಲಿ ಮೋಸ ಮಾಡಿದ್ದು, ಅನುಮತಿ ಇಲ್ಲದೆ ಹೊಕ್ಕಿದ್ದು. ನಮ್ಮ ನೌಕರ ಇಲ್ಲಿ ದೂರು ಕೊಡಬೇಕಾದವರು, ತಪ್ಪಿತಸ್ಥರಲ್ಲ."

ಮಾಲೀಕ ಅಧ್ಯಕ್ಷರ ಕಡೆ ನೋಡಿದ. ಅಧ್ಯಕ್ಷರು ಫ್ಯಾನಿನ ಕಡೆ ನೋಡಿದರು. "ಮದುವೆಯಲ್ಲಿ ಏನೋ ತಮಾಷೆಗೆ ಮಾತಾಡಿರ್ಬಹುದು" ಎಂದರು. ಮಾಲೀಕ ಬೆವರು ಒರೆಸಿಕೊಂಡು, "ಕಾಲ್ ಮಾಡು ಅಂತ ನಾನು ಹೇಳಿದ್ದು ಹೌದು, ನಿಜವಾದ ಸದಸ್ಯರ ಖಾತೆ ಅಂತ ಹೇಳ್ಲಿಲ್ಲ. ಅದು ಇವಳದ್ದೇ ಬುದ್ಧಿ" ಎಂದ. ಕೆಳಗಿಳಿಯುತ್ತಾ ಇಳಿಯುತ್ತಾ ಎಲ್ಲವೂ ಬಾಗಿಲ ಹತ್ತಿರದ ಕುರ್ಚಿಗೆ ಬಂದು ನಿಂತಿತು.

ದೂರಿನ ಕರಡು ಸಿದ್ಧವಾಗಿಯೇ ಇತ್ತು. ವಕೀಲರು ಅದನ್ನು ನನ್ನ ಮುಂದೆ ತಳ್ಳಿದರು. ಸಂಘದ ಪರವಾಗಿ, ಮೋಸ ಹೋದವನಾಗಿ ನಾನು ಸಹಿ ಹಾಕಿದರೆ ನನ್ನ ಕೆಲಸ ಉಳಿಯುತ್ತದೆ, ಅಧ್ಯಕ್ಷರ ಮರ್ಯಾದೆ ಉಳಿಯುತ್ತದೆ. ಹುಡುಗಿ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತುತ್ತಾಳೆ. ಅವಳು ನನ್ನತ್ತ ನೋಡುತ್ತಿದ್ದಳು, ಬೇಡಿಕೊಳ್ಳುವ ನೋಟವಲ್ಲ. ನಾನು ಹೌದೆಂದದ್ದನ್ನು ಅವಳೇ ಎದ್ದು ಹೇಳಬಹುದಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲವೋ ನನಗೆ ಈಗಲೂ ಗೊತ್ತಿಲ್ಲ. ನಾನು ಪೆನ್ನು ಕೈಗೆ ತೆಗೆದುಕೊಂಡಿದ್ದೆ. ಮುಚ್ಚಳವನ್ನೂ ತೆರೆದಿದ್ದೆ. ಸಹಿ ಹಾಕಿಯೇಬಿಡುವ ಮನಸ್ಸಿತ್ತೆಂಬುದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.

"ಇವಳು ನನ್ನತ್ರ ಕೇಳಿದ್ದಾಳೆ" ಎಂದೆ. "ಕಾಗದ ಮಾಡಿ ಕೊಡಿ ಅಂತ ಕೇಳಿದ್ಳು. ನಾನೇ, ಮಾಡಿ, ಕಾಗದ ಆಮೇಲೆ ಅಂದೆ."

ವಕೀಲರು ಕನ್ನಡಕ ತೆಗೆದರು. "ಬದಲಾವಣೆ ಬರಹದಲ್ಲಿ ಮಾತ್ರ ಅಂತ ಉಂಟು. ನಿಮ್ಮ ಬಾಯಿಮಾತಿನಿಂದ ಅದು ಅನುಮತಿ ಆಗುವುದಿಲ್ಲ. ಆದರೆ ಅವಳದ್ದು ಕೆಟ್ಟ ಉದ್ದೇಶ ಅಂತ ಹೇಳ್ಲಿಕ್ಕೆ ಇನ್ನು ನಮ್ಮಿಂದ ಆಗ್ಲಿಕ್ಕಿಲ್ಲ. ಈ ದೂರು ನಿಲ್ಲುವುದಿಲ್ಲ."

ಹುಡುಗಿ ಎದ್ದು ನಿಂತಳು. "ಬರಹದಲ್ಲಿ ಬರದೆ ನಾನು ಮಾಡ್ಬಾರ್ದಿತ್ತು. ಸುಳ್ಳು ಖಾತೆಗಳು ಇದ್ವು, ಆದ್ರೆ ಅದಕ್ಕೆ ಮನೆ ಇರ್ಲಿಲ್ಲ. ಇಲ್ಲಿ ಮನೆ ಕೇಳದೆ ಯಾರೂ ಮಾತು ಮುಂದುವರಿಸುವುದಿಲ್ಲ, ಹಾಗಾಗಿ ಕಾರ್ಡು ನೋಡಿದೆ" ಎಂದಳು. ಆಮೇಲೆ ಆ ಮಗನ ಕಡೆ ತಿರುಗಿ ಕೈ ಮುಗಿದಳು.

ಅವನು ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ. ಈಗ ಮೇಜಿನ ಸುತ್ತ ಕೂತ ನಮ್ಮೆಲ್ಲರನ್ನೂ ಒಮ್ಮೆ ನೋಡಿದ.

"ಅಧ್ಯಕ್ಷರು ಇವರಿಗೆ ಹೇಳಿದ್ದು, ಇವರು ಅವಳಿಗೆ ಹೇಳಿದ್ದು, ಅವಳು ಈ ಸರ್ ಹತ್ರ ಕೇಳಿದ್ದು. ಆಯ್ತು. ನನ್ನತ್ರ ಯಾರು ಕೇಳಿದ್ದು? ನನ್ನ ಅಮ್ಮನತ್ರ?"

ತಾನೇ ದೂರು ಕೊಡುವ ಹಕ್ಕು ಅವನಿಗುಂಟೆಂದು ವಕೀಲರು ಮೆಲ್ಲಗೆ ಹೇಳಿದರು. ಆದಿತ್ಯವಾರ ಬೊಜ್ಜ ಇದೆ, ನನಗೆ ಅದಕ್ಕೆಲ್ಲ ಪುರುಸೊತ್ತಿಲ್ಲ ಎಂದ. ತನ್ನ ಖಾತೆಯ ಚಿತ್ರ ಎಲ್ಲೆಲ್ಲಿ ಉಂಟೋ ಅದನ್ನೆಲ್ಲ ಅಳಿಸಿ, ಅಳಿಸಿದ್ದೇವೆಂದು ಬರೆದು ಕೊಡಬೇಕು ಎಂದ. ಹುಡುಗಿ ಅಲ್ಲೇ ಕೂತು ಬರೆದಳು. ಆ ಸಂಸ್ಥೆಯ ಕೆಲಸವನ್ನು ಅಂದೇ ನಿಲ್ಲಿಸಿದರು. ನನ್ನ ಕೆಲಸ ಹೋಗಲಿಲ್ಲ. ಲಿಖಿತ ಎಚ್ಚರಿಕೆ ಕೊಟ್ಟು, ಕಂಪ್ಯೂಟರ್ ವಿಭಾಗ ತಪ್ಪಿಸಿ, ಕಕ್ಕಿಂಜೆಯ ಸಣ್ಣ ಶಾಖೆಗೆ ಹಾಕಿದರು. ಅಧ್ಯಕ್ಷರಿಗೆ ಯಾರೂ ಏನೂ ಬರೆದು ಕೊಡಲಿಲ್ಲ.

ಸಭೆ ಮುಗಿದ ಮೇಲೆ ಆ ಮಗನ ಹಳೆಯ ನಂಬರನ್ನು ಮತ್ತೆ ಖಾತೆಗೆ ಹಾಕಬೇಕಿತ್ತು. ಕೌಂಟರಿನಲ್ಲಿ ಆಗ ನಾನಲ್ಲದೆ ಬೇರೆ ಯಾರೂ ಇರಲಿಲ್ಲ. ಅವನು ಎದುರಿಗೆ ಬಂದು ನಿಂತ. ಈ ಸಲ ಅರ್ಜಿ ಬರೆಸಿದೆ, ಆಧಾರ್ ಕೇಳಿದೆ, ಸಹಿ ತಾಳೆ ನೋಡಿದೆ, ಒಳಗಿನಿಂದ ನಮ್ಮ ಕಚೇರಿಯ ಮ್ಯಾನೇಜರನ್ನೇ ಕರೆದು ಒಪ್ಪಿಗೆ ಒತ್ತಿಸಿದೆ. ಕೆಲಸ ಮುಗಿಯಿತು. ಅವನು ಹೋಗಲಿಲ್ಲ. ಕೌಂಟರಿನ ಮೇಲೆ ಕೈಯಿಟ್ಟು ನಿಂತೇ ಇದ್ದ.

ಯಾಕೆಂದು ನನಗೆ ಗೊತ್ತಿತ್ತು. ಸಾವಿನ ಮನೆಯವರು ಎದುರಿಗೆ ಬಂದಾಗ ನಾಲ್ಕು ಮಾತಾಡಿಸದೆ ನಮ್ಮಲ್ಲಿ ಯಾರೂ ಕಳಿಸುವುದಿಲ್ಲ. ಬೆಂಚು, ಬಸ್ಸು, ಒಂದೊಂದೇ ಅಕ್ಷರದ ಆ ಸಹಿ, ಎಲ್ಲವೂ ನನ್ನ ನಾಲಿಗೆಯ ತುದಿಗೆ ಬಂತು. ಆದರೆ ಅದನ್ನು ನಾನು ಆಗಲೇ ಹೇಳಿ ಮುಗಿಸಿದ್ದೆ. ಹುಡುಗಿಯ ವರದಿಯಲ್ಲಿ ಕರೆಯ ವಿವರವೆಲ್ಲ ಇತ್ತು, ಸಭೆಯಲ್ಲಿ ಅದನ್ನು ಅವನ ಎದುರೇ ಓದಿದ್ದರು. ಈಗ ಅವೇ ಮಾತುಗಳನ್ನು ಹೇಳಿದರೆ ಅವನಿಗೆ ಏನೆನಿಸೀತು?

"ಅಮ್ಮ ನಿಮ್ಮ ಸುದ್ದಿ ಹೇಳ್ತಿದ್ರು" ಎಂದ ಅವನೇ ಕೊನೆಗೆ.

ನಾನು ತಲೆ ತಗ್ಗಿಸಿ, "ಇಲ್ಲಿ ಇನ್ನೊಂದು ಸಹಿ ಬೇಕು" ಎಂದೆ. ಬೇಕಿರಲಿಲ್ಲ. ಅವನು ಹಾಕಿಕೊಟ್ಟು ಹೋದ.